ರೂಟರ್ ಬದಲಿಸಿದಾಗ ಬದಲಾಗುವುದೇನು

ಟೆಲಿಫೋನಿನ ತಾಮ್ರದ ತಂತಿಯ ಮೇಲೆ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ, ಅಂದರೆ 2005ರಲ್ಲಿ ಶುರುವಾದ ಬಿಎಸ್ಸೆನ್ನೆಲ್ ಡೇಟಾಒನ್ ದಿನಗಳಲ್ಲಿ, ಮೋಡೆಮ್ ಬದಲಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ಅಂಗಡಿಯಿಂದ ಯಾವುದೇ ಎಡಿಎಸ್ಎಲ್ ಮೋಡೆಮ್ ತಂದು, ಅದರ ಪುಟದಲ್ಲಿ ವಿಪಿಐ ಜಾಗಕ್ಕೆ 0, ವಿಸಿಐ ಜಾಗಕ್ಕೆ 35 ಎಂದು ಬರೆದು, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ತುಂಬಿದರೆ ಲೈನ್ ಬರುತ್ತಿತ್ತು. ಶಿವಮೊಗ್ಗದಲ್ಲಿ ನಡೆದ ಅಂಕಿಯೇ ಭದ್ರಾವತಿಯಲ್ಲೂ ಬೀದರಿನಲ್ಲೂ ನಡೆಯುತ್ತಿತ್ತು. 0/35 ಎಂಬುದು ಬಿಎಸ್ಸೆನ್ನೆಲ್ ಗ್ರಾಹಕರ ನಡುವೆ ಬಾಯಿಪಾಠವಾಗಿತ್ತು. ಈಗ ತಾಮ್ರದ ಜಾಗಕ್ಕೆ ಫೈಬರ್ ಬಂದಿದೆ. ಮೈಸೂರು ಪೇಪರ್ ಮಿಲ್ಸ್ ಕಾರ್ಮಿಕರಿಗಾಗಿ ಬೆಳೆದ ಭದ್ರಾವತಿಯ ಕಾಗದನಗರದಲ್ಲಿ ಯಂತ್ರಗಳು ನಿಂತು ವರ್ಷಗಳಾದವು, ಆದರೆ ಅಲ್ಲಿಯ ಮನೆಯೊಂದಕ್ಕೆ ಕಂಬದಿಂದ ಕಂಬಕ್ಕೆ ಹಾರಿ ಬರುವ ಕಪ್ಪು ಡ್ರಾಪ್ ಕೇಬಲ್ಲಿನೊಳಗೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಇರುತ್ತದೆ. ಹಳೆಯ ಅಭ್ಯಾಸದವರು ಇಲ್ಲಿಯೂ ಅದೇ ದಾರಿ ಹಿಡಿಯುತ್ತಾರೆ: ಕಂಪನಿ ಕೊಟ್ಟ ಪೆಟ್ಟಿಗೆ ತೆಗೆದು ನಮ್ಮದೇ ಒಳ್ಳೆಯ ರೂಟರ್ ಹಾಕೋಣ, ಆ ಒಂದು ನಂಬರ್ ಯಾವುದು ಹೇಳಿ ಸಾಕು. ನಂಬರ್ ಇದೆ, ಅದರ ಹೆಸರು ವಿಲ್ಯಾನ್ ಐಡಿ. ಆದರೆ ಇಡೀ ದೇಶಕ್ಕೆ ಸಲ್ಲುವ ಒಂದೇ ನಂಬರ್ ಇಲ್ಲ, ಮತ್ತು ಅದು ಒಬ್ಬಂಟಿಯಾಗಿ ಕೆಲಸ ಮಾಡುವುದೂ ಇಲ್ಲ.

ಈ ಅಧ್ಯಾಯದ ವಾದ ಇಷ್ಟೇ. ಫೈಬರ್ ಮನೆಯೊಂದು ತನ್ನನ್ನು ಕಂಪನಿಗೆ ಒಂದು ಸಲವಲ್ಲ, ಮೂರು ಸಲ ಪರಿಚಯಿಸಿಕೊಳ್ಳುತ್ತದೆ. ಮೊದಲನೆಯದು ಬೆಳಕಿನ ಮಟ್ಟದಲ್ಲಿ, ಎರಡನೆಯದು ವಿಲ್ಯಾನ್ ಟ್ಯಾಗಿನ ಮಟ್ಟದಲ್ಲಿ, ಮೂರನೆಯದು ಲಾಗಿನ್ನಿನ ಮಟ್ಟದಲ್ಲಿ. ಕಂಪನಿಯ ಪೆಟ್ಟಿಗೆ ಈ ಮೂರನ್ನೂ ಒಂದೇ ಪ್ಲಾಸ್ಟಿಕ್ ಹೊದಿಕೆಯೊಳಗೆ ಮಾಡಿ ಮುಗಿಸುವುದರಿಂದ ನಮಗೆ ಅವು ಒಂದೇ ಕೆಲಸದಂತೆ ಕಾಣುತ್ತವೆ. ರೂಟರ್ ಬದಲಿಸುವುದೆಂದರೆ ಕೊನೆಯ ಪರಿಚಯವನ್ನು ಮಾತ್ರ ನಮ್ಮ ಪೆಟ್ಟಿಗೆಗೆ ತರುವುದು. ನಡುವಿನದನ್ನು ಯಾವ ಪೆಟ್ಟಿಗೆ ಮಾಡಬೇಕೆಂದು ಒಮ್ಮೆ ನಿರ್ಧರಿಸಿ ಒಬ್ಬರಿಗೇ ವಹಿಸುವುದು. ಮೊದಲನೆಯದನ್ನು ಮುಟ್ಟದೆ ಬಿಡುವುದು. ನಡೆಯುವ ತಪ್ಪುಗಳಲ್ಲಿ ಹೆಚ್ಚಿನವು ಈ ಗೆರೆಗಳನ್ನು ಕಲಸಿಹಾಕಿದ್ದರಿಂದ ಆಗುವಂಥವು. ಯಾವ ಪರಿಚಯದಲ್ಲಿ ಎಡವಟ್ಟಾಗಿದೆ ಎಂಬುದನ್ನು ರೂಟರಿನ ಲಾಗ್ ಸಾಮಾನ್ಯವಾಗಿ ತಾನೇ ಹೇಳಿಬಿಡುತ್ತದೆ ಎಂಬುದು ಸಮಾಧಾನದ ಸಂಗತಿ.

ಬೆಳಕಿನಿಂದ ಶುರು ಮಾಡೋಣ. ಎಕ್ಸ್‌ಚೇಂಜಿನಲ್ಲೋ ಸ್ಥಳೀಯ ಪಾಲುದಾರರ ಕೋಣೆಯಲ್ಲೋ ಕುಳಿತಿರುವ ಓಎಲ್‌ಟಿ ಎಂಬ ಯಂತ್ರದ ಒಂದು ಪೋರ್ಟಿನಿಂದ ಹೊರಟ ಒಂದೇ ಫೈಬರ್, ದಾರಿಯಲ್ಲಿ ಸ್ಪ್ಲಿಟರ್‌ಗಳ ಮೂಲಕ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಸ್ಪ್ಲಿಟರಿಗೆ ವಿದ್ಯುತ್ ಬೇಡ, ಬುದ್ಧಿಯೂ ಇಲ್ಲ. ಬಂದ ಬೆಳಕನ್ನು ಪಾಲು ಮಾಡುವುದಷ್ಟೇ ಅದರ ಕೆಲಸ. ಜಿಪಾನ್ ಪದ್ಧತಿಯಲ್ಲಿ ಮನೆಯತ್ತ ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಮನೆಯಿಂದ ಹೋಗುವುದರದ್ದು 1310. ಇಳಿಯುವ ದಾರಿಯಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಏರುವ ದಾರಿಯಲ್ಲಿ ಅದರ ಅರ್ಧ, ಇದನ್ನು ಆ ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ. ಏರುವ ದಾರಿಯಲ್ಲಿ ಒಂದು ಕ್ಷಣಕ್ಕೆ ಒಂದೇ ಮನೆಯ ಲೇಸರ್ ಬೆಳಗಬೇಕು. ಯಾರ ಸರದಿ ಯಾವಾಗ ಎಂದು ಓಎಲ್‌ಟಿ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಹೇಳುತ್ತಿರುತ್ತದೆ. ಹಾಗೆ ಸರದಿ ಕೊಡುವ ಮೊದಲು ಅದು ಮನೆಯ ಪೆಟ್ಟಿಗೆಯನ್ನು, ಅಂದರೆ ಓಎನ್‌ಟಿಯನ್ನು, ಗುರುತಿಸಬೇಕು. ಆ ಗುರುತು ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ ಅಚ್ಚಾಗಿರುವ ಸೀರಿಯಲ್ ನಂಬರ್: ತಯಾರಕರನ್ನು ಸೂಚಿಸುವ ನಾಲ್ಕು ಅಕ್ಷರ, ಮೇಲೆ ಎಂಟು ಅಂಕಿ-ಅಕ್ಷರ. ಇಪಾನ್ ಪದ್ಧತಿಯ ಊರುಗಳಲ್ಲಿ ಈ ಕೆಲಸವನ್ನು ಮ್ಯಾಕ್ ವಿಳಾಸ ಮಾಡುತ್ತದೆ.

ಅಂಗಡಿಯಿಂದ ತಂದ ಸಾಮಾನ್ಯ ವೈಫೈ ರೂಟರಿಗೆ ಫೈಬರ್ ಚುಚ್ಚುವ ತೂತೇ ಇರುವುದಿಲ್ಲ, ಹಾಗಾಗಿ ಹೆಚ್ಚಿನವರು ಈ ಮಟ್ಟದಲ್ಲಿ ತಪ್ಪು ಮಾಡುವ ಸಂದರ್ಭ ಬರುವುದಿಲ್ಲ. ತೂತಿರುವ ಓಎನ್‌ಟಿಯನ್ನೇ ಆನ್‌ಲೈನಿನಲ್ಲಿ ತರಿಸಿ, ಹಳೆಯದರ ಸೀರಿಯಲ್ ನಂಬರನ್ನು ಅದಕ್ಕೆ ಬರೆದು ಓಡಿಸುವ ಉತ್ಸಾಹಿಗಳಿದ್ದಾರೆ. ತಾಂತ್ರಿಕವಾಗಿ ಕೆಲವು ಮಾದರಿಗಳಲ್ಲಿ ಇದು ಸಾಧ್ಯ. ಆದರೆ ಓಎಲ್‌ಟಿ ಮತ್ತು ಓಎನ್‌ಟಿ ನಡುವಿನ ಸಂರಚನಾ ಸಂಭಾಷಣೆಯಲ್ಲಿ ತಯಾರಕರಿಂದ ತಯಾರಕರಿಗೆ ವ್ಯತ್ಯಾಸಗಳಿವೆ. ಬೆಳಕು ಹಿಡಿದರೂ ಸೇವೆ ಹರಿಯದೆ ಹೋಗಬಹುದು. ಅದಕ್ಕಿಂತ ಗಂಭೀರವಾದದ್ದು, ಸರದಿ ತಪ್ಪಿ ಲೇಸರ್ ಉರಿಸುವ ಒಂದು ಕೆಟ್ಟ ಓಎನ್‌ಟಿ ಅದೇ ಸ್ಪ್ಲಿಟರಿನ ಇತರ ಎಲ್ಲ ಮನೆಗಳ ಲೈನನ್ನೂ ಕೆಡಿಸಬಲ್ಲದು. ರೂಟರಿನ ತಪ್ಪು ಸೆಟಿಂಗ್ ನಮ್ಮ ಮನೆಯನ್ನಷ್ಟೇ ಕಾಡುತ್ತದೆ, ಲೇಸರಿನ ತಪ್ಪು ಬೀದಿಯನ್ನು ಕಾಡುತ್ತದೆ. ಇದೊಂದೇ ಕಾರಣಕ್ಕೆ ಬೆಳಕಿನ ಪೆಟ್ಟಿಗೆ ಕಂಪನಿಯದೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಲಾಭವೂ ಇದೆ: ಬಿಎಸ್ಸೆನ್ನೆಲ್ ಸಂಪರ್ಕದಲ್ಲಿ ಓಎನ್‌ಟಿಯ ಫೋನ್ ಪೋರ್ಟಿಗೆ ಸಿಕ್ಕಿಸಿದ 08282ರ ಲ್ಯಾಂಡ್‌ಲೈನ್ ಯಾವ ಅಡ್ಡಿಯೂ ಇಲ್ಲದೆ ನಡೆಯುತ್ತಲೇ ಇರುತ್ತದೆ.

ಈಗ ಎರಡನೆಯದಕ್ಕೆ. ಒಂದೇ ಗಾಜಿನ ಎಳೆಯ ಮೇಲೆ ಇಂಟರ್ನೆಟ್ ಬರುತ್ತದೆ, ಫೋನಿನ ಮಾತು ಬರುತ್ತದೆ, ಕೆಲವು ಕಡೆ ಟಿವಿ ಬರುತ್ತದೆ, ಕಂಪನಿಯವರು ಪೆಟ್ಟಿಗೆಯನ್ನು ದೂರದಿಂದ ಸರಿಪಡಿಸುವ ಸಂದೇಶಗಳೂ ಬರುತ್ತವೆ. ಇವು ಬೆರೆಯದಂತೆ ಇಡಲು ಪ್ರತಿ ಈಥರ್ನೆಟ್ ಫ್ರೇಮಿನ ತಲೆಯಲ್ಲಿ, ಮ್ಯಾಕ್ ವಿಳಾಸಗಳು ಮುಗಿದ ಕೂಡಲೇ, ನಾಲ್ಕು ಬೈಟಿನ ಟ್ಯಾಗ್ ಒಂದನ್ನು ಸೇರಿಸುತ್ತಾರೆ. ಮೊದಲ ಎರಡು ಬೈಟ್ `0x8100` ಎಂಬ ಗುರುತು, ಇಲ್ಲಿ ಟ್ಯಾಗ್ ಇದೆ ಎಂದು ಹೇಳುವುದಕ್ಕೆ. ಉಳಿದ ಎರಡರಲ್ಲಿ ಮೂರು ಬಿಟ್ ಆದ್ಯತೆಗೆ, ಒಂದು ಬಿಟ್ ದಟ್ಟಣೆಯ ಸಮಯದಲ್ಲಿ ಇದನ್ನು ಬಿಸಾಡಬಹುದೇ ಎಂಬುದಕ್ಕೆ, ಮಿಕ್ಕ ಹನ್ನೆರಡು ಬಿಟ್ ವಿಲ್ಯಾನ್ ಐಡಿಗೆ. ಹನ್ನೆರಡು ಬಿಟ್‌ಗಳಲ್ಲಿ 4096 ಅಂಕಿಗಳು ಹಿಡಿಸುತ್ತವೆ. 0 ಮತ್ತು 4095 ಬೇರೆ ಕೆಲಸಕ್ಕೆ ಮೀಸಲಾದ್ದರಿಂದ ಬಳಸಬಹುದಾದದ್ದು 1ರಿಂದ 4094. ರೂಟರಿನ ಪುಟದಲ್ಲಿ ಆ ಖಾನೆಗೆ 5000 ಎಂದು ಹೊಡೆದರೆ ಅದು ಒಪ್ಪದಿರುವುದು ಇದಕ್ಕೇ.

ಒಂದು ಊರಿನ ಐಡಿ ಇನ್ನೊಂದು ಊರಿನಲ್ಲಿ ಏಕೆ ನಡೆಯುವುದಿಲ್ಲ ಎಂಬುದು ಇಲ್ಲಿಂದಲೇ ತಿಳಿಯುತ್ತದೆ. 4094 ಎಂಬುದು ಲಕ್ಷಾಂತರ ಮನೆಗಳ ಜಾಲಕ್ಕೆ ತೀರಾ ಚಿಕ್ಕ ಸಂಖ್ಯೆ. ಆದ್ದರಿಂದ ಕಂಪನಿಗಳು ಅದೇ ಅಂಕಿಗಳನ್ನು ಬೇರೆ ಬೇರೆ ಓಎಲ್‌ಟಿಗಳಲ್ಲಿ ಮತ್ತೆ ಮತ್ತೆ ಬಳಸುತ್ತವೆ, ಓಎಲ್‌ಟಿಯನ್ನು ದಾಟಿದ ಮೇಲೆ ಇನ್ನೊಂದು ಹೊರ ಟ್ಯಾಗ್ ಹಚ್ಚುತ್ತವೆ, ಇಲ್ಲವೇ ಒಂದನ್ನು ಇನ್ನೊಂದಕ್ಕೆ ಬದಲಿಸುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ಬರೆದ ಐಡಿಗೆ ಅರ್ಥವಿರುವುದು ನಿಮ್ಮ ಮನೆಯಿಂದ ಓಎಲ್‌ಟಿಯವರೆಗೆ ಮಾತ್ರ ಎಂದುಕೊಂಡರೂ ತಪ್ಪಿಲ್ಲ. ಇದರ ಮೇಲೆ ಬಿಎಸ್ಸೆನ್ನೆಲ್ ಫೈಬರ್ ಸೇವೆಯ ದೊಡ್ಡ ಭಾಗ ಸ್ಥಳೀಯ ಕೇಬಲ್ ನಿರ್ವಾಹಕರಂಥ ಪಾಲುದಾರರ ಮೂಲಕ ನಡೆಯುತ್ತದೆ. ಓಎಲ್‌ಟಿ ಬೇರೆ, ಅದನ್ನು ಹೊಂದಿಸಿದವರೂ ಬೇರೆ. ಶಿವಮೊಗ್ಗದ ಗೋಪಾಳದಲ್ಲಿ ನಡೆಯುವ ಅಂಕಿಯನ್ನು ಕಾಗದನಗರದ ರೂಟರಿಗೆ ಬರೆದು ಕಾಯುವುದರಲ್ಲಿ ಅರ್ಥವಿಲ್ಲ. ಬೇರೆ ದೇಶಗಳಲ್ಲಿ ಹೀಗಿರಲೇಬೇಕೆಂದಿಲ್ಲ: ಜರ್ಮನಿಯಲ್ಲಿ ಟೆಲಿಕಾಂನ ಗ್ರಾಹಕರು 7 ಎಂದೂ, ನೆದರ್ಲೆಂಡ್ಸ್‌ನಲ್ಲಿ ಕೆಪಿಎನ್ ಗ್ರಾಹಕರು 6 ಎಂದೂ ಬರೆಯುತ್ತಾರೆ, ಊರು ಯಾವುದಾದರೂ ಸರಿ. ಜರ್ಮನಿಯಲ್ಲಂತೂ 2016ರ ಆಗಸ್ಟ್ 1ರಿಂದ ಗ್ರಾಹಕರು ತಮ್ಮಿಷ್ಟದ ರೂಟರ್ ಬಳಸುವುದು ಕಾನೂನಿನ ಹಕ್ಕು, ಲಾಗಿನ್ ವಿವರ ಕೊಡುವುದು ಕಂಪನಿಯ ಕರ್ತವ್ಯ. ಒಂದೇ ನಂಬರ್ ಇಡುವುದು ಅಸಾಧ್ಯವಲ್ಲ, ಅದು ಜಾಲವನ್ನು ಕಟ್ಟಿದವರ ಆಯ್ಕೆ ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯ ಪರಿಚಯ ಲಾಗಿನ್. ಪಿಪಿಪಿಒಇ ಎಂಬ ಈ ಪದ್ಧತಿ 1999ರಲ್ಲಿ ದಾಖಲೆಯಾಗಿ ಬಂತು, ಹುಟ್ಟಿದ್ದು ಫೋನ್ ತಂತಿಯ ಇಂಟರ್ನೆಟ್ಟಿಗಾಗಿ. ರೂಟರ್ ಮೊದಲು ಯಾರ ವಿಳಾಸವೂ ಗೊತ್ತಿಲ್ಲದೆ, ಎಲ್ಲರಿಗೂ ಕೇಳುವಂತೆ ಒಂದು ಫ್ರೇಮ್ ಕೂಗಿಬಿಡುತ್ತದೆ: ಇಲ್ಲಿ ಲಾಗಿನ್ ಮಾಡಿಸುವವರು ಯಾರಾದರೂ ಇದ್ದೀರಾ? ಇದಕ್ಕೆ `PADI` ಎಂದು ಹೆಸರು. ಕಂಪನಿಯ ಲಾಗಿನ್ ಸರ್ವರ್ ಅದನ್ನು ಕೇಳಿಸಿಕೊಂಡರೆ `PADO` ಎಂಬ ಉತ್ತರ ಕಳಿಸುತ್ತದೆ. ರೂಟರ್ `PADR` ಎಂದು ಕೋರಿಕೆ ಇಡುತ್ತದೆ, ಸರ್ವರ್ `PADS` ಎಂದು ಒಂದು ಸೆಷನ್ ನಂಬರ್ ಕೊಡುತ್ತದೆ. ಇಷ್ಟು ಮುಗಿಯುವವರೆಗೆ ನಿಮ್ಮ ಯೂಸರ್‌ನೇಮ್ ಕೂಡ ತಂತಿಯ ಮೇಲೆ ಹೋಗಿರುವುದಿಲ್ಲ. ಇಲ್ಲಿಗೆ ಬಂದ ಮೇಲೆಯೇ `@ftth.bsnl.in` ಎಂದು ಮುಗಿಯುವ ನಿಮ್ಮ ಹೆಸರು ಮತ್ತು ಪಾಸ್‌ವರ್ಡ್ ಕೇಳಲ್ಪಡುತ್ತವೆ, ಒಪ್ಪಿಗೆಯಾದರೆ ಐಪಿ ವಿಳಾಸ ಸಿಗುತ್ತದೆ. ಈ ಅನುಕ್ರಮ ನೆನಪಿಟ್ಟುಕೊಳ್ಳಬೇಕಾದ ಸಂಗತಿ, ಏಕೆಂದರೆ ಇದರಿಂದ ಒಂದು ಖಚಿತ ತೀರ್ಮಾನ ಹೊರಡುತ್ತದೆ: `PADO` ಬಾರದಿದ್ದರೆ ಅದಕ್ಕೆ ಪಾಸ್‌ವರ್ಡ್ ಕಾರಣವಾಗಿರಲು ಸಾಧ್ಯವೇ ಇಲ್ಲ, ಅದನ್ನು ಯಾರೂ ನೋಡಿಯೇ ಇಲ್ಲ. ಬೀರೂರು ಜಂಕ್ಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿದವರ ಕೈಲಿ ಶಿವಮೊಗ್ಗದ ಟಿಕೆಟ್ ಎಷ್ಟೇ ಸರಿಯಾಗಿದ್ದರೂ ಭದ್ರಾವತಿ ಸ್ಟೇಷನ್ ಬರುವುದಿಲ್ಲ. ಹಾಗಿದ್ದೂ ಲೈನ್ ಬರದ ಕೂಡಲೇ ಜನ ಮೊದಲು ಮಾಡುವುದು ಪಾಸ್‌ವರ್ಡ್ ಬದಲಿಸುವ ಕೆಲಸ.

ಕಾಗದನಗರದ ಒಂದು ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಗೋಡೆಯ ಮೇಲೆ ಕಂಪನಿಯ ಓಎನ್‌ಟಿ ಇದೆ. ವೈಫೈ, ಫೋನ್, ಇಂಟರ್ನೆಟ್ ಮೂರೂ ಅದರಿಂದಲೇ. ಮೊದಲ ಕೆಲಸ ಬದಲಿಸುವುದಲ್ಲ, ನೋಡಿ ಬರೆದುಕೊಳ್ಳುವುದು. ಓಎನ್‌ಟಿಯ ಪುಟ ತೆರೆದರೆ, ವಿಳಾಸ ಸಾಮಾನ್ಯವಾಗಿ `192.168.1.1`, ವ್ಯಾನ್ ಎಂಬ ಭಾಗದಲ್ಲಿ ಸಂಪರ್ಕಗಳ ಪಟ್ಟಿ ಇರುತ್ತದೆ. ಹಲವು ಓಎನ್‌ಟಿಗಳಲ್ಲಿ ಸಂಪರ್ಕದ ಹೆಸರೇ ಅರ್ಧ ಕಥೆ ಹೇಳುತ್ತದೆ. `1_INTERNET_R_VID_1200` ಎಂದಿದ್ದರೆ, ಇದು ಇಂಟರ್ನೆಟ್ಟಿನದು, `R` ಎಂದರೆ ಓಎನ್‌ಟಿಯೇ ರೂಟರಾಗಿದೆ, ವಿಲ್ಯಾನ್ ಐಡಿ 1200 ಎಂದರ್ಥ. 1200 ಎಂಬುದು ಇಲ್ಲಿ ಉದಾಹರಣೆಗೆ ಹಿಡಿದ ಅಂಕಿ. ನಿಮ್ಮಲ್ಲಿ ಬೇರೆಯೇ ಇರುತ್ತದೆ. ಅದರ ಕೆಳಗೆ ಫೋನಿನದೊಂದು ಸಂಪರ್ಕ, ಬೇರೆ ವಿಲ್ಯಾನ್ ಐಡಿಯೊಂದಿಗೆ, ಇರಬಹುದು. ಅದನ್ನು ಬರೆದುಕೊಳ್ಳಿ, ಮುಟ್ಟಬೇಡಿ. ಪುಟವನ್ನೆಲ್ಲ ಶುಚಿಮಾಡುವ ಹುಮ್ಮಸ್ಸಿನಲ್ಲಿ ಎಲ್ಲ ಸಂಪರ್ಕ ಅಳಿಸಿದ ಮನೆಯಲ್ಲಿ ಇಂಟರ್ನೆಟ್ ಬಂದು ಲ್ಯಾಂಡ್‌ಲೈನ್ ಸತ್ತಿರುತ್ತದೆ. ಯೂಸರ್‌ನೇಮ್ ಅದೇ ಪುಟದಲ್ಲಿ ಕಾಣುತ್ತದೆ, ಪಾಸ್‌ವರ್ಡ್ ಚುಕ್ಕೆಗಳಾಗಿ ಮಾತ್ರ. ಅದನ್ನು ಕಚೇರಿಯಿಂದಲೋ ಸಂಪರ್ಕ ಕೊಟ್ಟ ಪಾಲುದಾರರಿಂದಲೋ ಕೇಳಿ ಪಡೆಯಬೇಕು. ಗ್ರಾಹಕರ ಲಾಗಿನ್ನಿಗೆ ವ್ಯಾನ್ ಪುಟವೇ ತೆರೆಯದಿದ್ದರೆ ಕೇಳಬೇಕಾದದ್ದು ಒಂದೇ ಮಾತು: ಬ್ರಿಡ್ಜ್ ಮಾಡಿಕೊಡಿ, ಫೋನ್ ಹಾಗೇ ಇರಲಿ. ಲೈನಿನ ಕೆಲಸ ಮಾಡುವವರಿಗೆ ಇದು ತಕ್ಷಣ ಅರ್ಥವಾಗುವ ಮಾತು. ಇದೇ ಪುಟದಲ್ಲಿ ಒಳಬರುವ ಬೆಳಕಿನ ಬಲವನ್ನೂ ನೋಡಿಟ್ಟುಕೊಳ್ಳಿ. ಸಾಮಾನ್ಯ ಜಿಪಾನ್ ಉಪಕರಣಗಳಿಗೆ ಮೈನಸ್ 27 ಡಿಬಿಎಂ ಕೆಳಗಿನ ಮಿತಿ. ಮೈನಸ್ 26 ಎಂದು ತೋರಿಸುತ್ತಿದ್ದರೆ ಮಳೆಗಾಲದಲ್ಲಿ ಆಗುವ ತೊಂದರೆಗೆ ನಿಮ್ಮ ಹೊಸ ರೂಟರನ್ನು ಬೈಯುವುದು ಬೇಡ.

ಈಗ ಆ ಇಂಟರ್ನೆಟ್ ಸಂಪರ್ಕವನ್ನು ರೂಟ್‌ನಿಂದ ಬ್ರಿಡ್ಜ್‌ಗೆ ತಿರುಗಿಸುತ್ತೇವೆ. ಹೆಸರಿನ `R` ಹೋಗಿ `B` ಬರುತ್ತದೆ. ವಿಲ್ಯಾನ್ ಐಡಿ 1200 ಅಲ್ಲೇ ಉಳಿಯಲಿ. ಈ ಬ್ರಿಡ್ಜನ್ನು ಓಎನ್‌ಟಿಯ ಒಂದನೇ ಲ್ಯಾನ್ ಪೋರ್ಟಿಗೆ ಕಟ್ಟಬೇಕು, ಪೋರ್ಟ್ ಬೈಂಡಿಂಗ್ ಎಂಬ ಚೌಕದಲ್ಲಿ ಗುರುತು ಹಾಕಿ. ಈ ಚಿಕ್ಕ ಚೌಕ ಮರೆತರೆ ಉಳಿದದ್ದೆಲ್ಲ ಸರಿಯಿದ್ದೂ ಏನೂ ನಡೆಯುವುದಿಲ್ಲ. ಆ ಪೋರ್ಟಿನಿಂದ ನಮ್ಮ ರೂಟರಿನ ವ್ಯಾನ್ ಪೋರ್ಟಿಗೆ ಕೇಬಲ್. ಇಲ್ಲೇ ಬರುವುದು ಇಡೀ ಕೆಲಸದ ನಿಜವಾದ ತಿರುವು: ಟ್ಯಾಗ್ ಹಚ್ಚುವವರು ಯಾರು? ಮೇಲಿನಂತೆ ಓಎನ್‌ಟಿಯ ಬ್ರಿಡ್ಜಿನಲ್ಲೇ 1200 ಬರೆದಿದ್ದರೆ, ಹೊರಹೋಗುವ ಫ್ರೇಮಿಗೆ ಓಎನ್‌ಟಿ ಟ್ಯಾಗ್ ಹಚ್ಚುತ್ತದೆ, ಒಳಬರುವುದರಿಂದ ಕಿತ್ತು ಬರಿ ಫ್ರೇಮನ್ನು ನಮ್ಮ ರೂಟರಿಗೆ ಕೊಡುತ್ತದೆ. ಆಗ ನಮ್ಮ ರೂಟರಿನಲ್ಲಿ ವಿಲ್ಯಾನ್ ಖಾನೆ ಖಾಲಿ ಇರಬೇಕು. ಓಎನ್‌ಟಿ ಏನನ್ನೂ ಮುಟ್ಟದೆ ಟ್ಯಾಗ್ ಸಮೇತ ದಾಟಿಸುವಂತೆ ಹೊಂದಿಸಿದ್ದರೆ ಮಾತ್ರ ನಮ್ಮ ರೂಟರಿನಲ್ಲಿ 1200 ಬರೆಯಬೇಕು. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶವಿರುವ ರೂಟರಿನಲ್ಲಿ ಎರಡನೆಯ ಸಂದರ್ಭ ಹೀಗೆ ಕಾಣುತ್ತದೆ:

```
config interface 'wan'
        option device 'eth1.1200'
        option proto 'pppoe'
        option username '...@ftth.bsnl.in'
        option password '...'
```

ಮೊದಲನೆಯ ಸಂದರ್ಭಕ್ಕೆ `eth1.1200` ಬದಲು ಬರಿ `eth1` ಸಾಕು. ಅಂಗಡಿಯಲ್ಲಿ ಸಿಗುವ ಇತರ ರೂಟರುಗಳಲ್ಲಿ ಇದೇ ಆಯ್ಕೆ ಐಪಿಟಿವಿ ಅಥವಾ ವಿಲ್ಯಾನ್ ಎಂಬ ಪುಟದಲ್ಲಿ ಅಡಗಿರುತ್ತದೆ, ಲಾಗಿನ್ ಪುಟದಲ್ಲಿರುವುದಿಲ್ಲ. ಎರಡೂ ಕಡೆ 1200 ಬರೆದವರು ನಂಬರ್ ಸರಿಯಿದೆಯಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ. ನಂಬರ್ ಸರಿಯೇ, ಆದರೆ ಒಂದರ ಮೇಲೊಂದು ಎರಡು ಟ್ಯಾಗ್ ಹೊತ್ತು ಹೋದ ಫ್ರೇಮಿನ ಹೊರ ಟ್ಯಾಗನ್ನು ಬಿಚ್ಚಿದ ಮೇಲೆ ಒಳಗೆ ಇನ್ನೊಂದು ಉಳಿದಿರುತ್ತದೆ. `PADI`ಯನ್ನು ನಿರೀಕ್ಷಿಸುವ ಸರ್ವರಿಗೆ ಅದು `PADI`ಯಂತೆ ಕಾಣುವುದಿಲ್ಲ. ಎರಡೂ ಕಡೆ ಬರೆಯದಿದ್ದರೂ ಫಲ ಅದೇ. ತಪ್ಪು ವಿರುದ್ಧವಾದದ್ದು, ಲಕ್ಷಣ ಒಂದೇ: ಮೌನ. ಲಾಗ್‌ನಲ್ಲಿ ಅದು ಹೀಗೆ ಬೀಳುತ್ತದೆ.

```
Timeout waiting for PADO packets
```

ಈ ಸಾಲು ಕಂಡರೆ ಪಾಸ್‌ವರ್ಡ್ ಖಾನೆಯಿಂದ ಕೈ ತೆಗೆದು ಟ್ಯಾಗ್ ನೋಡಬೇಕು: ರೂಟರಿನ ಟ್ಯಾಗ್ ಒಮ್ಮೆ ತೆಗೆದು, ಒಮ್ಮೆ ಹಾಕಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಅನುಮಾನವಿದ್ದವರು ರೂಟರಿನಲ್ಲೇ `tcpdump -eni eth1 pppoed or vlan` ಎಂದು ಓಡಿಸಿ, ಹೊರಟ ಫ್ರೇಮಿನ ಮೇಲೆ ಟ್ಯಾಗ್ ಇದೆಯೇ, ಉತ್ತರ ಬಂತೇ ಎಂದು ಕಣ್ಣಾರೆ ನೋಡಬಹುದು. ಆದರೆ ಮೌನಕ್ಕೆ ವಿಲ್ಯಾನ್ ಒಂದೇ ಕಾರಣವೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಬೈಂಡಿಂಗ್ ಮರೆತಿರಬಹುದು. ಓಎನ್‌ಟಿಯಲ್ಲಿ `LOS` ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ. ಕೆಲವು ಜಾಲಗಳಲ್ಲಿ ಹಿಂದಿನ ಪೆಟ್ಟಿಗೆಯ ಮ್ಯಾಕ್ ವಿಳಾಸಕ್ಕೆ ಮಾತ್ರ ಉತ್ತರ ಕೊಡುವಂತೆ ಸರ್ವರನ್ನು ಕಟ್ಟಿರುತ್ತಾರೆ. ಹಳೆಯ ವ್ಯಾನ್ ಮ್ಯಾಕನ್ನು ಮೊದಲೇ ಬರೆದುಕೊಂಡಿದ್ದರೆ ಅದನ್ನು ಹೊಸ ರೂಟರಿಗೆ ನಕಲಿಸಿ ಪರೀಕ್ಷಿಸಬಹುದು.

ಮೌನದ ಬದಲು ನಿರಾಕರಣೆ ಬಂದರೆ ಕಥೆಯೇ ಬೇರೆ. `PAP authentication failed` ಅಥವಾ `CHAP authentication failed` ಎಂಬುದು ಒಂದು ಅರ್ಥದಲ್ಲಿ ಶುಭಸಮಾಚಾರ: ಬೆಳಕು ಸರಿ, ಟ್ಯಾಗ್ ಸರಿ, ಸರ್ವರ್ ಸಿಕ್ಕಿದೆ, ಹೆಸರು ಅಥವಾ ಪಾಸ್‌ವರ್ಡ್ ಮಾತ್ರ ಒಪ್ಪಿಗೆಯಾಗಿಲ್ಲ. ಯೂಸರ್‌ನೇಮಿನ `@` ನಂತರದ ಭಾಗ ಬಿಟ್ಟುಬಿಡುವುದು ಇಲ್ಲಿಯ ಸಾಮಾನ್ಯ ತಪ್ಪು. ಅದು ಅಲಂಕಾರವಲ್ಲ, ಯಾವ ಸರ್ವರನ್ನು ಕೇಳಬೇಕೆಂದು ಹೇಳುವ ಭಾಗ. ಇನ್ನೊಂದು ಸೂಕ್ಷ್ಮವಿದೆ. ಹಳೆಯ ಓಎನ್‌ಟಿ ಲಾಗಿನ್ ಆಗಿದ್ದಾಗಲೇ ಅದರ ಕರೆಂಟ್ ಕಿತ್ತರೆ, ಹೋಗುತ್ತೇನೆಂದು ಹೇಳುವ `PADT` ಸಂದೇಶ ಸರ್ವರಿಗೆ ತಲುಪುವುದಿಲ್ಲ. ಸರ್ವರಿನ ಪುಸ್ತಕದಲ್ಲಿ ಹಳೆಯ ಸೆಷನ್ ಇನ್ನೂ ಜೀವಂತ. ಅದೇ ಹೆಸರಿನಲ್ಲಿ ಎರಡನೆಯದನ್ನು ಅದು ಒಪ್ಪದಿದ್ದರೆ, ಎಲ್ಲವೂ ಸರಿಯಿದ್ದ ಹೊಸ ರೂಟರ್ ಕೆಲವು ನಿಮಿಷ ತಿರಸ್ಕೃತವಾಗುತ್ತದೆ. ಹಳೆಯದರ ಪುಟದಲ್ಲಿ ಡಿಸ್‌ಕನೆಕ್ಟ್ ಒತ್ತಿ ಆಮೇಲೆ ಬ್ರಿಡ್ಜ್ ಮಾಡಿದರೆ ಈ ಕಾಯುವಿಕೆ ತಪ್ಪುತ್ತದೆ.

ಲಾಗಿನ್ ಆಯಿತು, ಐಪಿ ಬಂತು, ಆದರೂ ಕೆಲವು ತಾಣಗಳು ತೆರೆಯುತ್ತಿಲ್ಲ, ವಾಟ್ಸಾಪಿನಲ್ಲಿ ಮಾತು ಹೋಗುತ್ತದೆ ಫೋಟೋ ಹೋಗುವುದಿಲ್ಲ ಎಂಬ ದೂರು ಬಂದರೆ ಅದು ಅಳತೆಯ ತೊಂದರೆ. ಈಥರ್ನೆಟ್ ಫ್ರೇಮ್ ಒಂದರಲ್ಲಿ ಹಿಡಿಸುವ ಸರಕು 1500 ಬೈಟ್. ಪಿಪಿಪಿಒಇ ತನ್ನ ತಲೆಬರಹಕ್ಕೆ ಅದರಲ್ಲಿ 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ರೂಟರಿನ ಎಂಟಿಯು ಖಾನೆಯಲ್ಲಿ ಇರಬೇಕಾದ ಅಂಕಿ ಅದೇ. ವಿಲ್ಯಾನ್ ಟ್ಯಾಗಿನ 4 ಬೈಟನ್ನೂ ಕಳೆದು 1488 ಬರೆಯುವವರಿದ್ದಾರೆ. ಅದು ಬೇಕಿಲ್ಲ. ಟ್ಯಾಗನ್ನು ಮಾನಕಕ್ಕೆ ಸೇರಿಸಿದಾಗ ಫ್ರೇಮಿನ ಒಟ್ಟು ಮಿತಿಯನ್ನೇ 1518ರಿಂದ 1522ಕ್ಕೆ ಏರಿಸಿದರು. ಟ್ಯಾಗ್ ಕೂರುವುದು ಹೊದಿಕೆಯಲ್ಲಿ, ಪಿಪಿಪಿಒಇ ಕೂರುವುದು ಸರಕಿನ ಜಾಗದಲ್ಲಿ. ವಿಂಡೋಸ್‌ನಲ್ಲಿ ಪರೀಕ್ಷೆ ಸುಲಭ: `ping -f -l 1464 8.8.8.8` ಉತ್ತರ ತರಬೇಕು, 1465 ಎಂದು ಬರೆದರೆ ತುಂಡು ಮಾಡದೆ ಕಳಿಸಲಾಗದು ಎಂಬ ಆಕ್ಷೇಪ ಬರಬೇಕು. 1464ಕ್ಕೆ 28 ಬೈಟಿನ ತಲೆಬರಹ ಸೇರಿದರೆ 1492.

ಇಷ್ಟೆಲ್ಲ ಏಕೆ, ಕಂಪನಿಯ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಅದರ ಹಿಂದೆ ನಮ್ಮ ರೂಟರ್ ಸಿಕ್ಕಿಸಿದರೆ ಸಾಲದೇ ಎಂದು ಕೇಳಬಹುದು. ಬಹಳ ಮನೆಗಳಿಗೆ ಸಾಕು. ಓಎನ್‌ಟಿಯ ವೈಫೈ ಆರಿಸಿ, ನಮ್ಮ ರೂಟರಿನ ವೈಫೈ ಬಳಸಿದರೆ ಒಳಕೋಣೆಗೆ ಸಿಗ್ನಲ್ ಬರುತ್ತದೆ, ಬೇಕಿದ್ದದ್ದು ಅಷ್ಟೇ ಆಗಿದ್ದರೆ ಲಾಗಿನ್ ತಂಟೆಗೆ ಹೋಗುವ ಅಗತ್ಯವಿಲ್ಲ. ಆಗ ವಿಳಾಸ ಬದಲಿಸುವ ಕೆಲಸ ಎರಡು ಸಲ ನಡೆಯುತ್ತದೆ. ವಿಡಿಯೋ ನೋಡುವವರಿಗೆ ಅದು ತಿಳಿಯುವುದೂ ಇಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ನೋಡಬೇಕು, ಐಪಿವಿ6 ಮನೆಯ ಪ್ರತಿ ಯಂತ್ರಕ್ಕೂ ಸಿಗಬೇಕು, ಯಾವ ಡಿಎನ್ಎಸ್ ಬಳಸಬೇಕೆಂದು ತಾವೇ ನಿರ್ಧರಿಸಬೇಕು ಎನ್ನುವವರಿಗೆ ಲಾಗಿನ್ ತಮ್ಮ ರೂಟರಿನಲ್ಲಿರುವುದು ಲಾಭ. ಅವರೂ ಒಂದನ್ನು ಮೊದಲು ನೋಡಬೇಕು: ರೂಟರಿಗೆ ಸಿಕ್ಕ ಐಪಿ `100.64`ರಿಂದ `100.127`ರವರೆಗಿನ ಯಾವುದರಿಂದಲಾದರೂ ಶುರುವಾಗುತ್ತಿದ್ದರೆ, ಕಂಪನಿಯೇ ತನ್ನ ಕಡೆ ಒಂದು ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಿದೆ. ಐಪಿವಿ4 ಮೂಲಕ ಕ್ಯಾಮೆರಾ ನೋಡುವ ಆಸೆಯನ್ನು ಯಾವ ರೂಟರೂ ಆಗ ಈಡೇರಿಸದು.

ಇನ್ನೊಂದು ಆಕ್ಷೇಪ ಕಂಪನಿಯ ಕಡೆಯದು, ಅದರಲ್ಲಿ ಹುರುಳಿದೆ. ಲೈನ್ ಕೆಟ್ಟಾಗ ದೂರದಿಂದ ಓಎನ್‌ಟಿಯ ವ್ಯಾನ್ ಸಂಪರ್ಕ ನೋಡಿ ಸರಿಪಡಿಸುವುದು ಅವರ ಅಭ್ಯಾಸ. ಲಾಗಿನ್ ನಮ್ಮ ಪೆಟ್ಟಿಗೆಗೆ ಹೋದ ಮೇಲೆ ಅವರಿಗೆ ಬೆಳಕು ಮಾತ್ರ ಕಾಣುತ್ತದೆ, ಅದರಾಚೆ ಕತ್ತಲು. ಆದರೆ ಇದಕ್ಕೆ ಉತ್ತರ ಮೇಲಿನ ವಿಂಗಡಣೆಯಲ್ಲೇ ಇದೆ. ಓಎನ್‌ಟಿ ಅವರದೇ ಇರುವುದರಿಂದ ಬೆಳಕಿನ ಬಲ, ಫೋನಿನ ಸೇವೆ, ನಿರ್ವಹಣೆಯ ಸಂಪರ್ಕ ಎಲ್ಲ ಅವರ ಕಣ್ಣಳತೆಯಲ್ಲೇ ಉಳಿಯುತ್ತವೆ. ಲಾಗಿನ್ನಿನ ಹೊಣೆ ಮಾತ್ರ ನಮ್ಮದಾಗುತ್ತದೆ, ಅದಕ್ಕೆ ಲಾಗ್ ಓದುವ ತಾಳ್ಮೆ ಬೇಕು. ಪಾಸ್‌ವರ್ಡ್ ಕೈಗೆ ಬಂದರೆ ಗ್ರಾಹಕರು ಅದನ್ನು ಬೇರೆಯವರ ಮನೆಯಲ್ಲಿ ಬಳಸುತ್ತಾರೆಂಬ ಭಯಕ್ಕೂ ಹೆಚ್ಚು ಆಧಾರವಿಲ್ಲ. `PADI` ಮೇಲಕ್ಕೆ ಹೋಗುವಾಗ ದಾರಿಯಲ್ಲಿರುವ ಓಎಲ್‌ಟಿ ಇದು ಯಾವ ಪೋರ್ಟಿನ ಯಾವ ಓಎನ್‌ಟಿಯಿಂದ ಬಂತೆಂಬ ಗುರುತನ್ನು ಅದರೊಳಗೆ ಸೇರಿಸುವ ವ್ಯವಸ್ಥೆ ಬ್ರಾಡ್‌ಬ್ಯಾಂಡ್ ಮಾನಕಗಳಲ್ಲಿ 2006ರಿಂದಲೇ ಇದೆ. ಅದನ್ನು ಬಳಸಿದ ಜಾಲದಲ್ಲಿ ಪಕ್ಕದ ಮನೆಯಲ್ಲಿ ಹೊಡೆದ ನಿಮ್ಮ ಹೆಸರು ನಡೆಯುವುದಿಲ್ಲ.

ಒಂದು ದಿನ ಎಲ್ಲ ಸರಿಯಾಗಿ ನಡೆಯುತ್ತಿದ್ದ ರೂಟರಿನಲ್ಲಿ ಮತ್ತೆ `PADO` ಮೌನ ಕಾಣಿಸಿಕೊಳ್ಳಬಹುದು, ನೀವು ಏನನ್ನೂ ಮುಟ್ಟದೆ. ಗುಡುಗು ಮಳೆಯ ನಂತರ ಬಂದವರು ಓಎನ್‌ಟಿಯನ್ನು ಬದಲಿಸಿರುತ್ತಾರೆ, ಇಲ್ಲವೇ ರೀಸೆಟ್ ಗುಂಡಿ ಒತ್ತಿರುತ್ತಾರೆ, ಅಥವಾ ಕಂಪನಿಯ ನಿರ್ವಹಣಾ ಸರ್ವರ್ ರಾತ್ರಿ ತನ್ನ ಹಳೆಯ ಸಂರಚನೆಯನ್ನು ಮತ್ತೆ ತಳ್ಳಿರುತ್ತದೆ. ಆಗ ನಿಮ್ಮ ರೂಟರನ್ನು ಬಿಚ್ಚುವ ಮೊದಲು ಓಎನ್‌ಟಿಯ ವ್ಯಾನ್ ಪುಟ ತೆರೆದು ಸಂಪರ್ಕದ ಹೆಸರು ಓದಿ. `B` ಇದ್ದ ಜಾಗದಲ್ಲಿ `R` ಬಂದಿದ್ದರೆ ಬ್ರಿಡ್ಜ್ ಹೋಗಿದೆ. `VID` ಮುಂದಿನ ಅಂಕಿ ಬದಲಾಗಿದ್ದರೆ ಓಎಲ್‌ಟಿ ಕಡೆ ಏನೋ ಮಾರ್ಪಾಡಾಗಿದೆ, ಹೊಸ ಅಂಕಿಯನ್ನು ಪಾಲುದಾರರನ್ನೇ ಕೇಳಬೇಕು.